ಕೊನೆಯ ದಿನ, ಇನ್ನು 5 ಗಂಟೆ: ಇಂದಿನ ವೇದಿಕೆ, ಇಂದಿನ ತಿಂಡಿ ಮಳಿಗೆ

ನಮ್ಮ ಕಾಲೇಜಿನ ಸಾಂಸ್ಕೃತಿಕ ಉತ್ಸವದ ಮೂರನೆಯ ಹಾಗೂ ಕೊನೆಯ ದಿನವಿದು. ಇದನ್ನು ಬರೆಯುತ್ತಿರುವಾಗ ಮಧ್ಯಾಹ್ನ 12 ಗಂಟೆ. ಸಂಜೆ 5ಕ್ಕೆ ಮೊದಲ ಪ್ರದರ್ಶನ, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಲೇಬೇಕು. ಕಾರ್ಯಕ್ರಮ ಪಟ್ಟಿಯನ್ನು ತಯಾರಿಸಿದವರಲ್ಲಿ ನಾನೂ ಒಬ್ಬಳಾದ್ದರಿಂದ, ಜನಪ್ರಿಯ ತಂಡಗಳು ನಾವು ಇಟ್ಟ ಜಾಗದಲ್ಲೇ ಏಕೆ ಇವೆ ಎಂಬುದನ್ನು ಹೇಳುವುದು ನನ್ನ ಹೊಣೆ ಎಂದು ಭಾವಿಸುತ್ತೇನೆ.

ನಿನ್ನೆ ಕಾರ್ಯಕ್ರಮ 40 ನಿಮಿಷ ತಡವಾಯಿತು. ಯಾವ ತಂಡವೂ ತನಗೆ ಕೊಟ್ಟ ಅವಧಿಯನ್ನು ಮೀರಿರಲಿಲ್ಲ. ನಾವು ಪಟ್ಟಿಯಲ್ಲಿ ಪ್ರದರ್ಶನದ ನಿಮಿಷಗಳನ್ನು ಮಾತ್ರ ಕೂಡಿಸಿದ್ದೆವು. ಒಂದು ತಂಡ ಇಳಿದು ಇನ್ನೊಂದು ಏರುವುದಕ್ಕೆ ಬೇಕಾದ ಹೊತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎರಡು ಗಂಟೆ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಕಾದಿದ್ದ ಕೊನೆಯ ನೃತ್ಯ ತಂಡ ವೇದಿಕೆ ಏರದೆಯೇ ಮನೆಗೆ ಹೋಯಿತು. ಅವರಿಗೆ ಆದ ಅನ್ಯಾಯ ನಮ್ಮ ಲೆಕ್ಕದ ತಪ್ಪಿನಿಂದಲೇ ಆದದ್ದು. ಇಂದು ಅವರೇ ಮೊದಲು.

ಹಾಗಾಗಿ ಇಂದಿನ ಕ್ರಮವನ್ನು ವೇದಿಕೆ ಬದಲಿಸಲು ಹಿಡಿಯುವ ಹೊತ್ತನ್ನು ನೋಡಿಕೊಂಡೇ ಜೋಡಿಸಿದ್ದೇವೆ. ಸಂಜೆ 5ರಿಂದ 5:40ರವರೆಗೆ ನಾಲ್ಕು ಗುಂಪು ನೃತ್ಯಗಳಿವೆ. ಒಂದೊಂದಕ್ಕೆ 8 ನಿಮಿಷ, ನಡುವೆ 2 ನಿಮಿಷ. ಅವುಗಳಿಗೆ ಬೇಕಾದದ್ದು ಖಾಲಿ ವೇದಿಕೆ ಮತ್ತು ಹಾಡಿನ ಟ್ರ್ಯಾಕ್ ಮಾತ್ರ. ನಂತರ 6:15ರವರೆಗೆ ಆರು ಏಕವ್ಯಕ್ತಿ ಗಾಯನ, ಅದಾದ ಮೇಲೆ 6:50ರವರೆಗೆ ಕಿರುನಾಟಕ; ಇದರ 35 ನಿಮಿಷದಲ್ಲಿ ಪರಿಕರಗಳನ್ನು ಇಟ್ಟು ತೆಗೆಯುವುದಕ್ಕೇ 10 ನಿಮಿಷ ಮೀಸಲು. 6:50ರಿಂದ 7:20ರವರೆಗೆ ವಿರಾಮ. ಡ್ರಮ್ ಸೆಟ್ ಜೋಡಿಸಿ, ಒಂದೊಂದು ಮೈಕ್ ಮತ್ತು ಕೇಬಲ್‌ನಲ್ಲಿ ಸದ್ದು ಬರುತ್ತಿದೆಯೇ ಎಂದು ಪರೀಕ್ಷಿಸಲು ಕಾಲು ಗಂಟೆಗೂ ಹೆಚ್ಚು ಬೇಕು. ಆ ಕೆಲಸ ಈ ವಿರಾಮದಲ್ಲೇ ಮುಗಿಯುತ್ತದೆ. 7:20ಕ್ಕೆ ಮೊದಲ ಬ್ಯಾಂಡ್, 8:20ಕ್ಕೆ ಎರಡನೆಯದು. ಇವೆರಡರ ನಡುವೆ ವೇದಿಕೆಯ ಮುಂಭಾಗದಲ್ಲಿ ಬಹುಮಾನ ವಿತರಣೆ ನಡೆಯುವಾಗ ಪರದೆಯ ಹಿಂದೆ ವಾದ್ಯಗಳು ಬದಲಾಗುತ್ತಿರುತ್ತವೆ. 9:15ಕ್ಕೆ ಅಂತಿಮ ವರ್ಷದವರ ನೃತ್ಯ. ಅದು 9:45ಕ್ಕೆ ಮುಗಿಯಬೇಕು. ಉಳಿದ 15 ನಿಮಿಷವನ್ನು ಯಾರು ಕೇಳಿದರೂ ಕೊಡದೆ ಉಳಿಸಿಕೊಂಡಿದ್ದೇವೆ.

ಸೌಂಡ್ ಚೆಕ್ ಮಾತ್ರ ಹಿಂದುಮುಂದಾಗಿ ನಡೆಯುತ್ತದೆ. ಎರಡನೆಯ ಬ್ಯಾಂಡ್ 1:30ಕ್ಕೆ, ಮೊದಲ ಬ್ಯಾಂಡ್ 2:30ಕ್ಕೆ, ನೃತ್ಯ ತಂಡಗಳು 4ಕ್ಕೆ ಬರಬೇಕು. ಕೊನೆಗೆ ಪರೀಕ್ಷಿಸಿದವರೇ ಮೊದಲು ಆಡುವುದರಿಂದ ಸಂಜೆ 5ಕ್ಕೆ ವೇದಿಕೆ ಅವರಿಗೆ ಬೇಕಾದಂತೆಯೇ ಸಿದ್ಧವಾಗಿರುತ್ತದೆ. ಬ್ಯಾಂಡಿನವರು ನಿಲ್ಲುವ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿರುತ್ತೇವೆ, ದಯವಿಟ್ಟು ಅದನ್ನು ಕೀಳಬೇಡಿ.

ಇನ್ನು ತಿಂಡಿ ಮಳಿಗೆಗಳ ಮಾತು. ಇದನ್ನು ವೇದಿಕೆಯಿಂದ ಬೇರೆ ವಿಷಯವೆಂದು ನೋಡಿದ್ದೇ ನಮ್ಮ ಎರಡನೆಯ ತಪ್ಪು. ಮಳಿಗೆಗಳು 8. ಒಂದು ಮಳಿಗೆ ನಿಮಿಷಕ್ಕೆ ಒಬ್ಬರಿಗೆ ಕೊಟ್ಟರೂ 30 ನಿಮಿಷದ ವಿರಾಮದಲ್ಲಿ 240 ಜನರಿಗೆ ಮಾತ್ರ ಸಿಗುತ್ತದೆ. ಆದರೆ ಸಭಾಂಗಣದಲ್ಲಿ ಸುಮಾರು ಸಾವಿರ ಜನರಿರುತ್ತಾರೆ. ಎಲ್ಲರೂ ವಿರಾಮಕ್ಕೇ ಎದ್ದುಬಂದರೆ ಸಾಲು ಕರಗುವಷ್ಟರಲ್ಲಿ ಮೊದಲ ಬ್ಯಾಂಡ್ ಪೂರ್ತಿ ಮುಗಿದಿರುತ್ತದೆ, ಹುಡುಗರು ಖಾಲಿ ಕುರ್ಚಿಗಳಿಗೆ ಹಾಡಬೇಕಾಗುತ್ತದೆ. ಆದ್ದರಿಂದ ಮಳಿಗೆಗಳು ಇಂದು 3:30ಕ್ಕೇ ತೆರೆಯುತ್ತವೆ. ಟೋಕನ್ ಕೊಳ್ಳುವ ಕಡೆ ಮತ್ತು ತಿಂಡಿ ಪಡೆಯುವ ಕಡೆ ಬೇರೆಬೇರೆ ಇರುತ್ತವೆ, ಚಿಲ್ಲರೆ ಎಣಿಸುವ ಕೈ ಮತ್ತು ಬಡಿಸುವ ಕೈ ಒಂದೇ ಆಗಬಾರದೆಂಬ ಕಾರಣಕ್ಕೆ. ಬಿಸಿಯಾಗಿ ಕರಿದು ಕೊಡುವ ತಿನಿಸು ಬೇಕಾದವರು 5ರೊಳಗೆ ಬನ್ನಿ. ವಿರಾಮದಲ್ಲಿ ಮೊದಲೇ ಕಟ್ಟಿಟ್ಟ ಪೊಟ್ಟಣಗಳು ಮತ್ತು ಪಾನೀಯ ಮಾತ್ರ ಸಿಗುತ್ತವೆ. ಜನ ಒಟ್ಟಿಗೆ ಹೊರಬರುವ ಮೊದಲೇ ಒಲೆ ಆರಿರಬೇಕಾದ್ದರಿಂದ ಕೊನೆಯ ಟೋಕನ್ 9ಕ್ಕೆ.

ನಿನ್ನೆ ಸಂಜೆ ಒಬ್ಬ ಹುಡುಗಿ ಬರೀ ತಂಬೂರಿ ಶ್ರುತಿಗೆ ಹಾಡುತ್ತಿದ್ದಾಗ ಸ್ಪೀಕರ್‌ನಲ್ಲಿ ಆಗಾಗ ಗುಂಯ್ ಎಂಬ ಸದ್ದು ಬರುತ್ತಿತ್ತು. ಮೈಕ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಸದ್ದು ಹೋಗಲಿಲ್ಲ. ಕೊನೆಗೆ ಗೆಳೆಯನೊಬ್ಬ ಹೊರಗೆ ಹೋಗಿ ನಿಂತು, ಹಣ್ಣಿನ ರಸದ ಮಳಿಗೆಯ ಮಿಕ್ಸರ್ ತಿರುಗಿದಾಗಲೆಲ್ಲ ಕೈ ಎತ್ತಿ ತೋರಿಸಿದ. ಅವನ ಕೈ ಮೇಲೇರಿದಾಗಲೇ ಸದ್ದು ಬರುತ್ತಿತ್ತು. ಮಳಿಗೆಗೂ ಧ್ವನಿ ವ್ಯವಸ್ಥೆಗೂ ಒಂದೇ ವಿದ್ಯುತ್ ಮಾರ್ಗವಿತ್ತು. ಇಂದು ಬೆಳಿಗ್ಗೆ ಎಲೆಕ್ಟ್ರಿಷಿಯನ್ ಮಳಿಗೆಗಳನ್ನೆಲ್ಲ ಪ್ರತ್ಯೇಕ ಜನರೇಟರ್‌ಗೆ ಸೇರಿಸಿದ್ದಾರೆ, ಮಿಕ್ಸರ್ ಓಡಿಸಿ ಕೇಳಿದ್ದೇವೆ, ಸ್ಪೀಕರ್ ಮೌನವಾಗಿದೆ. ಆ ಹುಡುಗಿ ಇಂದು 5:40ಕ್ಕೆ ಏಕವ್ಯಕ್ತಿ ಗಾಯನದಲ್ಲಿ ಮೊದಲಿಗಳಾಗಿ ಮತ್ತೆ ಹಾಡಲು ಒಪ್ಪಿದ್ದಾಳೆ.

ಸಮಯ ಬದಲಾದರೆ ಇದೇ ಬರಹವನ್ನು ತಿದ್ದಿ, ತಿದ್ದಿದ ಗಂಟೆಯನ್ನು ಮೇಲೆ ನಮೂದಿಸುತ್ತೇನೆ. ಚಿತ್ರವಾಗಿ ಹರಿದಾಡುತ್ತಿರುವ ಪೋಸ್ಟರ್‌ನಲ್ಲಿ ಇರುವುದು ಹಳೆಯ ಕ್ರಮ. ಅದನ್ನು ಮುಂದಕ್ಕೆ ಕಳುಹಿಸಬೇಡಿ.