ನವೆಂಬರನ್ನು ಜನವರಿಗೆ ಹೋಲಿಸಿ ಅಭಿಯಾನ ಗೆದ್ದಿತು ಅನ್ನಬೇಡಿ

ಇವತ್ತು ಶಿವಮೊಗ್ಗದಲ್ಲಿ ಒಂದು ಜಾಗೃತಿ ಅಭಿಯಾನದ ವರದಿ ಒಪ್ಪಿಸೋದನ್ನ ನೋಡಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಮಂಗನ ಕಾಯಿಲೆ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೊ ಜಾಹೀರಾತು ಬಿಟ್ಟಿದ್ದರಂತೆ. ಕಾಯಿಲೆಯ ಹೆಸರನ್ನು ನವೆಂಬರಿನಲ್ಲಿ ಎಷ್ಟು ಜನ ಗೂಗಲ್‌ನಲ್ಲಿ ಹುಡುಕಿದರು, ಜನವರಿಯಲ್ಲಿ ಎಷ್ಟು ಜನ ಅಂತ ಗ್ರಾಫ್ ತೋರಿಸಿದರು. ಗೆರೆ ಏರಿದೆ, ಆದ್ದರಿಂದ ಅಭಿಯಾನ ಯಶಸ್ವಿ. ಎಲ್ಲರೂ ಚಪ್ಪಾಳೆ ತಟ್ಟಿದರು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಲೆ ಇದು, ಅದಕ್ಕೇ ಇಂಗ್ಲಿಷಿನಲ್ಲಿ ಕ್ಯಾಸನೂರು ಫಾರೆಸ್ಟ್ ಡಿಸೀಸ್, ಚಿಕ್ಕದಾಗಿ KFD. ಮಳೆ ನಿಂತು ಕಾಡು ಒಣಗಿದ ಮೇಲೆ ಇದನ್ನು ಹರಡೋ ಮರಿ ಉಣುಗು ಹೆಚ್ಚುತ್ತವೆ, ಕಾಯಿಲೆಯೂ ಆಗಲೇ ಏರುತ್ತದೆ. ಮಂಗ ಸತ್ತ ಸುದ್ದಿ ಪೇಪರಿನಲ್ಲಿ ಬಂದ ದಿನ ಯಾವ ಜಾಹೀರಾತೂ ಬೇಕಿಲ್ಲ, ಜನ ತಾವೇ ಹುಡುಕುತ್ತಾರೆ. ಆ ಗೆರೆಯಲ್ಲಿ ವಿಡಿಯೊದ ಪಾಲೆಷ್ಟು, ಹೆದರಿಕೆಯ ಪಾಲೆಷ್ಟು ಅಂತ ಯಾರೂ ಕೇಳಲಿಲ್ಲ.

ಅದನ್ನು ಬೇರ್ಪಡಿಸೋಕೇ ಸರ್ಚ್ ಲಿಫ್ಟ್ ಅಧ್ಯಯನ ಇರೋದು. ಜಾಹೀರಾತು ನೋಡಬೇಕಾದ ಜನರಲ್ಲಿ ಒಂದು ಪಾಲನ್ನು ಚೀಟಿ ಎತ್ತಿದ ಹಾಗೆ ಆರಿಸಿ ಅವರಿಗೆ ತೋರಿಸದೆ ಬಿಡುತ್ತಾರೆ. ಆ ಜಾಗದಲ್ಲಿ ಅವರಿಗೆ ಬೇರೆ ಯಾವುದೋ ಜಾಹೀರಾತು ಬರುತ್ತದೆ. ಎರಡೂ ಗುಂಪಿನವರು ಓದೋ ಪೇಪರ್ ಒಂದೇ, ಹೆದರಿಕೆ ಒಂದೇ, ತಿಂಗಳು ಒಂದೇ. ವ್ಯತ್ಯಾಸ ವಿಡಿಯೊ ಮಾತ್ರ. ಲೆಕ್ಕಕ್ಕೆ ಹೀಗಂದುಕೊಳ್ಳಿ: ನವೆಂಬರಿನಲ್ಲಿ ಲಕ್ಷಕ್ಕೆ 100 ಜನ ಹುಡುಕುತ್ತಿದ್ದರು. ಜನವರಿಯಲ್ಲಿ ನೋಡಿದವರಲ್ಲಿ ಲಕ್ಷಕ್ಕೆ 500, ನೋಡದವರಲ್ಲಿ 400. ಇವತ್ತಿನ ವರದಿಯ ಲೆಕ್ಕದಲ್ಲಿ ಅಭಿಯಾನದ ಗಳಿಕೆ 400. ನಿಜವಾದ ಗಳಿಕೆ 100. ಉಳಿದ 300 ಕಾಲದ್ದು, ಸುದ್ದಿಯದ್ದು. ಈ ಗುಂಪು ವಿಂಗಡಣೆ ಜಾಹೀರಾತು ಶುರುವಾಗೋ ಮೊದಲೇ ಆಗಿರಬೇಕು. ಮುಗಿದ ಮೇಲೆ ಯಾರು ನೋಡದವರು ಅಂತ ಹುಡುಕಿಕೊಂಡು ಹೋದರೆ, ಸಿಗೋರು ಯೂಟ್ಯೂಬ್ ಕಡಿಮೆ ನೋಡೋ ಬೇರೆಯೇ ಥರದ ಜನ. ಹುಡುಕೋ ಪದಗಳನ್ನೂ ಮೊದಲೇ ಪಟ್ಟಿ ಮಾಡಬೇಕು: `ಮಂಗನ ಕಾಯಿಲೆ`, `ಮಂಗನಕಾಯಿಲೆ`, `mangana kayile`, `KFD`. ಒಂದೇ ಬರೆದರೆ ಮಿಕ್ಕವರು ಲೆಕ್ಕಕ್ಕೇ ಬರೋದಿಲ್ಲ.

ಹುಡುಕಿದರು ಅಂದ ಮಾತ್ರಕ್ಕೆ ತಿಳಿದುಕೊಂಡರು ಅಂತಲ್ಲ. ಅದಕ್ಕೆ ಬ್ರ್ಯಾಂಡ್ ಲಿಫ್ಟ್. ಅದೇ ಎರಡು ಗುಂಪಿಗೆ ಒಂದು ಪುಟ್ಟ ಪ್ರಶ್ನೆ ಕೇಳಿ ಉತ್ತರ ಹೋಲಿಸೋದು. ಎಡವೋದು ಪ್ರಶ್ನೆಯಲ್ಲೇ. 'ಮಂಗನ ಕಾಯಿಲೆ ಬಗ್ಗೆ ಕೇಳಿದ್ದೀರಾ?' ಅಂತ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಕೇಳಿದರೆ ವಿಡಿಯೊ ನೋಡದವರೂ ಹೌದು ಅಂತಾರೆ. ಏರೋಕೆ ಜಾಗವೇ ಇರೋದಿಲ್ಲ, ಒಳ್ಳೆ ವಿಡಿಯೊನೂ ಸೋತ ಹಾಗೆ ಕಾಣುತ್ತದೆ. 'ಈ ಜಾಹೀರಾತು ನೋಡಿದ ನೆನಪಿದೆಯಾ?' ಅಂದರೆ ಅಳತೆಗೆ ಸಿಗೋದು ನೆನಪು ಮಾತ್ರ. ಕೇಳಬೇಕಾದ್ದು 'ದರಗು ತರೋಕೆ ಕಾಡಿಗೆ ಹೋಗೋ ಮುಂಚೆ ಮೈಗೆ ಏನು ಹಚ್ಚಿಕೊಳ್ಳಬೇಕು?' ಅಂತ. ಸರಿಯುತ್ತರ ಉಣುಗು ಹತ್ತದ ಹಾಗೆ ತಡೆಯೋ ಡೆಪಾ ಎಣ್ಣೆ. ಆಯ್ಕೆಗಳಲ್ಲಿ ಅದು, ಬೇವಿನೆಣ್ಣೆ, ಏನೂ ಬೇಡ, ಗೊತ್ತಿಲ್ಲ ಎಲ್ಲ ಇರಲಿ. ಜಾಹೀರಾತು ಕಂಪನಿ ತನ್ನ ಸಿದ್ಧ ಪ್ರಶ್ನೆಗಳನ್ನಷ್ಟೇ ಕೇಳೋಕೆ ಬಿಟ್ಟು ಇದು ಆಗದಿದ್ದರೆ, ವಿಡಿಯೊವನ್ನು ಕೆಲವು ಊರುಗಳಿಗೆ ಬಿಟ್ಟು ಕೆಲವಕ್ಕೆ ಬಿಡದೆ, ಊರುಗಳನ್ನೂ ಚೀಟಿ ಎತ್ತಿಯೇ ಆರಿಸಿ, ಫೋನ್ ಮಾಡಿ ಕೇಳಿ.

ಎಷ್ಟು ಜನರನ್ನು ಕೇಳಬೇಕು ಅನ್ನೋದಕ್ಕೂ ಲೆಕ್ಕ ಇದೆ. ಗುಂಪಿಗೆ ಸಾವಿರ ಜನರ ಉತ್ತರ ಬಂತು, ನೋಡದವರಲ್ಲಿ 30 ಶೇಕಡ, ನೋಡಿದವರಲ್ಲಿ 34 ಶೇಕಡ ಸರಿ ಹೇಳಿದರು ಅನ್ನಿ. ನಾಲ್ಕು ಅಂಶದ ಏರಿಕೆ. ಆದರೆ 95 ಶೇಕಡ ಖಾತ್ರಿ ಬೇಕು ಅಂದರೆ ಅದರ ವ್ಯಾಪ್ತಿ ಸೊನ್ನೆಗಿಂತ ತುಸು ಕೆಳಗಿನಿಂದ ಎಂಟರವರೆಗೆ ಹರಡುತ್ತದೆ. ಅಂದರೆ ಏರಿಕೆಯೇ ಆಗಿಲ್ಲದಿರಬಹುದು. ಎರಡೆರಡು ಸಾವಿರ ಜನರಿಂದ ಇದೇ ಉತ್ತರ ಬಂದರೆ ವ್ಯಾಪ್ತಿ ಸುಮಾರು ಒಂದರಿಂದ ಏಳಕ್ಕೆ ಇಳಿಯುತ್ತದೆ. ಆಗ ಏನೋ ಬದಲಾಗಿದೆ ಅಂತ ಧೈರ್ಯವಾಗಿ ಹೇಳಬಹುದು. ಇದೇ ಏರಿಕೆಯನ್ನು ನಾಲ್ಕನ್ನು ಮೂವತ್ತರಿಂದ ಭಾಗಿಸಿ '13 ಶೇಕಡ ಹೆಚ್ಚಳ' ಅಂತಲೂ ಬರೆಯಬಹುದು, ಸುಳ್ಳೂ ಅಲ್ಲ. ಆದರೆ 30, 34 ಎರಡನ್ನೂ ಪಕ್ಕದಲ್ಲೇ ಬರೆಯದ ವರದಿಯನ್ನು ನಾನು ಒಪ್ಪೋದಿಲ್ಲ.

ಪ್ರಾಣದ ವಿಷಯದಲ್ಲಿ ಕೆಲವರಿಗೆ ಜಾಹೀರಾತು ತೋರಿಸದೆ ಇರೋದು ಸರಿಯಾ ಅಂತ ಒಬ್ಬರು ಕೇಳಿದರು. ಆಶಾ ಕಾರ್ಯಕರ್ತೆಯರು ಎಲ್ಲರ ಮನೆಗೂ ಹೋಗ್ತಾರೆ, ಆಟೊ ಮೈಕ್ ಎಲ್ಲ ಊರಿಗೂ ಬರುತ್ತದೆ, ಎಣ್ಣೆಯನ್ನು ಯಾರಿಗೂ ಇಲ್ಲ ಅನ್ನಬೇಕಾಗಿಲ್ಲ. ಕೆಲವು ವಾರ ಒಂದು ವಿಡಿಯೊ ಮಾತ್ರ ಕೆಲವರಿಗೆ ಬರೋದಿಲ್ಲ. ಇರೋ ದುಡ್ಡಿನಲ್ಲಿ ಹೇಗೂ ಎಲ್ಲರಿಗೂ ತೋರಿಸೋಕೆ ಆಗೋದಿಲ್ಲ. ಬಿಟ್ಟುಹೋಗೋರನ್ನು ಚೀಟಿ ಎತ್ತಿ ಬಿಡಿ ಅಂತಷ್ಟೇ ನನ್ನ ಮಾತು.

ನಮ್ಮ ಕಡೆ ನಿಜವಾದ ತೊಡಕು ಬೇರೆ ಇದೆ. ಮನೆಗೊಂದೇ ಫೋನ್ ಇದ್ದರೆ ವಿಡಿಯೊ ನೋಡೋದು ಮಗ, ಪ್ರಶ್ನೆಗೆ ಉತ್ತರ ಒತ್ತೋದು ಅಮ್ಮ. ನೋಡಿದವರು ಅಡಿಕೆ ಸುಲಿಯೋ ಚಪ್ಪರದಲ್ಲಿ ನೋಡದವರಿಗೂ ಹೇಳಿಬಿಡ್ತಾರೆ. ಎರಡರಿಂದಲೂ ಗುಂಪುಗಳ ಅಂತರ ಕುಗ್ಗುತ್ತದೆ, ಬಂದ ಏರಿಕೆ ನಿಜವಾದ್ದಕ್ಕಿಂತ ಕಡಿಮೆ ಕಾಣುತ್ತದೆ. ಅದನ್ನು ವರದಿಯಲ್ಲಿ ಹಾಗೇ ಬರೆಯಲಿ. ಮುಂದಿನ ಹಂಗಾಮಿನ ಟೆಂಡರ್ ಹೊರಡೋ ಮೊದಲೇ, ತೋರಿಸದೆ ಬಿಡೋ ಗುಂಪು ಎಷ್ಟು ದೊಡ್ಡದು, ಪ್ರಶ್ನೆ ಏನು ಅನ್ನೋ ಎರಡು ಸಾಲು ಅದರಲ್ಲಿ ಸೇರಲಿ.