ಹಾಸಿಗೆಯಲ್ಲ, ಟೈಲ್ಸ್ ಎಣಿಸಿ

"ಫ್ಲ್ಯಾಟಿನ ಜಾಹೀರಾತಿನ ಫೋಟೋದಲ್ಲಿ ಕ್ವೀನ್ ಮಂಚ, ವಾರ್ಡ್‌ರೋಬ್ ಹಾಕಿದ ಮೇಲೂ ಓಡಾಡೋಕೆ ಜಾಗ ಇದೆ. ಹಾಗಾದ್ರೆ ರೂಮ್ ದೊಡ್ಡದೇ ಅಲ್ವಾ?"

ಅಲ್ಲ. ಆ ಮಂಚ ಕಂಪ್ಯೂಟರಿನಲ್ಲಿ ಕೂರಿಸಿದ್ದಾಗಿದ್ದರೆ ಅದನ್ನು ಎಷ್ಟು ಬೇಕಾದರೂ ಕುಗ್ಗಿಸಬಹುದು. ವೈಡ್ ಲೆನ್ಸ್ ಎದುರಿನ ಗೋಡೆಯನ್ನು ದೂರ ತಳ್ಳಿ, ಅಂಚಿನ ವಸ್ತುಗಳನ್ನು ಹಿಗ್ಗಿಸುತ್ತದೆ. ಆದರೆ ನೆಲದ ಟೈಲ್ಸ್ ಸಂಖ್ಯೆಯನ್ನು ಲೆನ್ಸ್ ಬದಲಿಸಲಾರದು.

ಬೆಂಗಳೂರಿನ ಫ್ಲ್ಯಾಟುಗಳಲ್ಲಿ 2 ಅಡಿಯ ಚೌಕ ಟೈಲ್ಸ್ ಸಾಮಾನ್ಯ. ಅಡ್ಡಕ್ಕೆ ಐದಿದ್ದರೆ ಅಗಲ 10 ಅಡಿ. ಕ್ವೀನ್ ಮಂಚದ ಅಗಲ ಸುಮಾರು 5 ಅಡಿ. ಅದರ ಕಾಲ ಬುಡದ ಸಾಲಿನಲ್ಲೇ ಎಣಿಸಿದರೆ ಎರಡೂವರೆ ಟೈಲ್ಸ್ ಮುಚ್ಚಬೇಕು. ಎರಡೇ ಮುಚ್ಚಿದ್ದರೆ ಮಂಚ 4 ಅಡಿಗೆ ಕುಗ್ಗಿದೆ. ನಿಜವಾದ ಮಂಚ, ಪಕ್ಕದ ಗೋಡೆಗೆ 2 ಅಡಿ ಆಳದ ವಾರ್ಡ್‌ರೋಬ್ ಕಳೆದರೆ ಉಳಿಯುವುದು 3 ಅಡಿ, ಅದರಲ್ಲೇ ವಾರ್ಡ್‌ರೋಬ್ ಬಾಗಿಲೂ ತೆರೆಯಬೇಕು!

ಟೈಲ್ಸ್ ಅಳತೆ ಮಾತ್ರ ಮೊದಲೇ ಕೇಳಿಕೊಳ್ಳಿ. 800 ಮಿಲಿಮೀಟರಿನವೂ ಇರುತ್ತವೆ, ಗೋಡೆಯಂಚಿನವು ಕತ್ತರಿಸಿದ ತುಂಡುಗಳಾಗಿರಬಹುದು.