ಕೂಗಾಟಕ್ಕೆ ಶಾಂತಿ ಎಂದು ಅರ್ಥ ಬರೆದವರು

ಈಗ ಓಡಾಡುತ್ತಿರುವ ಮಕ್ಕಳ ಹೆಸರಿನ ಪಟ್ಟಿಗಳನ್ನು ನಂಬುವುದಾದರೆ ಸಂಸ್ಕೃತದಲ್ಲಿ ಇರುವುದು ನಾಲ್ಕೇ ಅರ್ಥ: ಸೂರ್ಯನ ಮೊದಲ ಕಿರಣ, ವಿಷ್ಣುವಿನ ಅಂಶ, ಅದ್ವಿತೀಯ, ಶಾಂತ. ಹೆಣ್ಣುಮಗುವಾದರೆ ಐದನೆಯದೊಂದು ಉಂಟು, ಲಕ್ಷ್ಮಿಯ ಇನ್ನೊಂದು ಹೆಸರು. ಧಾತುಪಾಠ ಬರೆದವರು ಪದಗಳಿಗೆ ಬೇರಾದ ಸುಮಾರು 2,000 ಧಾತುಗಳನ್ನು ಸುಮ್ಮನೆ ಕೂಡಿಸಿಟ್ಟು ಹೋದರು. ಕಿರಣ, ಅಂಶ ಎರಡು ಗೊತ್ತಿದ್ದರೆ ನಾಮಕರಣ ಸಾಂಗವಾಗಿ ನಡೆದುಹೋಗುತ್ತದೆ.

ಈ ಪಟ್ಟಿಗಳ ಕಿರೀಟದಲ್ಲಿರುವ ಹೆಸರು ಆರವ್. ಅರ್ಥದ ಕಾಲಂನಲ್ಲಿ ‘ಶಾಂತ ಸ್ವಭಾವದವನು’ ಎಂದಿರುತ್ತದೆ. ಪರೀಕ್ಷೆ ಮಾಡುವುದು ಕಷ್ಟವೇನಲ್ಲ. ಮೊದಲು ಹೆಸರನ್ನು ಇಂಗ್ಲಿಷ್ ಅಕ್ಷರಗಳಿಂದ ಬಿಡಿಸಿ ಕನ್ನಡದಲ್ಲಿ ಬರೆಯಬೇಕು, ಹ್ರಸ್ವ-ದೀರ್ಘ ಸಮೇತ. ಕೊನೆಯ ಅಕ್ಷರದ ಅಕಾರವನ್ನು ನುಂಗುವುದು ಹಿಂದಿಯ ರೂಢಿ, ಸಂಸ್ಕೃತದ್ದಲ್ಲ. ಆದ್ದರಿಂದ ಅದನ್ನು ವಾಪಸ್ ಕೂಡಿಸಬೇಕು. ಆಗ ‘ಆರವ’ ಸಿಗುತ್ತದೆ. ಮೊದಲಿನ ‘ಆ’ ಉಪಸರ್ಗ. ಅದನ್ನು ಕಳಚಿದರೆ ಉಳಿಯುವುದು ‘ರವ’. ಇದಕ್ಕೆ ನಿಘಂಟೂ ಬೇಡ. ಹಕ್ಕಿಗಳ ಕಲರವ ಎಂದು ಒಮ್ಮೆಯಾದರೂ ಪ್ರಬಂಧ ಬರೆದವರಿಗೆಲ್ಲ ರವ ಎಂದರೆ ಸದ್ದು ಎಂದು ಗೊತ್ತು. ಧಾತು ‘ರು’, ಶಬ್ದ ಮಾಡು ಎಂದು. ಸಂಶಯವಿದ್ದವರು ಮೋನಿಯರ್ ವಿಲಿಯಮ್ಸ್ ನಿಘಂಟು ತೆಗೆಯಲಿ, ಈಗ ಪುಕ್ಕಟೆಯಾಗಿ ತೆರೆಯಲ್ಲಿ ಸಿಗುತ್ತದೆ. ಆರವ ಎಂದರೆ ಕೂಗು, ಅರಚಾಟ, ಬೊಬ್ಬೆ. ಇದೇ ಧಾತುವಿನಿಂದ ಬಂದ ಇನ್ನೊಬ್ಬ ಪ್ರಸಿದ್ಧರು ರಾವಣ, ಲೋಕವನ್ನೇ ಗೋಳಾಡಿಸಿದವನು.

ಹಾಗಾದರೆ ಶಾಂತಿ ಎಲ್ಲಿಂದ ಬಂತು? ಹ್ರಸ್ವ ‘ಅ’ ಇಲ್ಲ ಎನ್ನುತ್ತದೆ. ಅ-ರವ ಎಂದರೆ ಸದ್ದಿಲ್ಲದ್ದು. ದೀರ್ಘ ‘ಆ’ ಹಾಗೆನ್ನುವುದಿಲ್ಲ. ಅರ್ಥ ಹೇಳಿದವರು ಮೊದಲನೆಯದನ್ನು ಹಿಡಿದರು, ಹೆಸರಿಟ್ಟವರು ಎರಡನೆಯದನ್ನು. ಮೇಲಾಗಿ ಸಂಖ್ಯಾಶಾಸ್ತ್ರದವರಿಗೆ ಇಂಗ್ಲಿಷಿನಲ್ಲಿ ಒಂದು ಎ ಹೆಚ್ಚಿಗೆ ಬೇಕೇಬೇಕು. ಒಂದು ದೀರ್ಘಕ್ಕೆ ಮೌನವೆಲ್ಲ ಬೊಬ್ಬೆಯಾಯಿತು. ನಿಜಕ್ಕೂ ನಿಶ್ಶಬ್ದವೇ ಬೇಕಿದ್ದವರಿಗೆ ‘ನೀರವ’ ಎಂಬ ಚೊಕ್ಕ ಪದ ಇತ್ತು, ಕನ್ನಡದ ಕಥೆಗಳಲ್ಲಿ ರಾತ್ರಿಯಾದಾಗಲೆಲ್ಲ ಬಂದುಹೋಗುತ್ತದೆ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ರಾತ್ರಿ ಎರಡು ಗಂಟೆಗೆ ತೊಟ್ಟಿಲ ಪಕ್ಕ ನಿಂತವರು ಆರವ ಎಂಬ ಹೆಸರಿನಲ್ಲಿ ತಪ್ಪು ಹುಡುಕಲಾರರು.

ಮುಂದಿನದು ಶ್ರೀಹಾನ್. ಪಟ್ಟಿಯ ಪ್ರಕಾರ ಸಾಕ್ಷಾತ್ ವಿಷ್ಣು. ‘ಶ್ರೀ’ಯಲ್ಲಿ ಯಾರಿಗೂ ತಕರಾರಿಲ್ಲ, ತೊಂದರೆ ಇರುವುದು ಬಾಲದಲ್ಲಿ. ಸಮಾಸದ ಕೊನೆಗೆ ‘ಹನ್’ ಬಂದರೆ ಕೊಲ್ಲುವವನು ಎಂದು. ವೃತ್ರಹನ್ ಎಂದರೆ ವೃತ್ರನನ್ನು ಕೊಂದ ಇಂದ್ರ. ಅದೇ ಧಾತು ‘ಘ್ನ’ ಆಗಿ ಶತ್ರುಘ್ನನಲ್ಲಿದೆ, ಮಾಡಿದ ಉಪಕಾರವನ್ನು ಕೊಲ್ಲುವ ಕೃತಘ್ನನಲ್ಲೂ ಇದೆ. ಆ ಲೆಕ್ಕದಲ್ಲಿ ಶ್ರೀಹನ್ ಎಂದರೆ ಸಂಪತ್ತನ್ನು ಕೊಂದವನು. ಇಲ್ಲ, ನಮ್ಮದು ದೀರ್ಘ, ಹಾನ್ ಎಂದು ಹಟ ಹಿಡಿದರೆ ಪರಿಸ್ಥಿತಿ ಸುಧಾರಿಸುವುದಿಲ್ಲ. ‘ಹಾನ’ ಎಂದರೆ ಬಿಟ್ಟುಹೋಗುವುದು, ಇಲ್ಲವಾಗುವುದು; ನಮ್ಮ ‘ಹಾನಿ’ ಅದರ ಒಡಹುಟ್ಟು. ಹ್ರಸ್ವವಾದರೆ ಲಕ್ಷ್ಮಿಯ ಕೊಲೆ, ದೀರ್ಘವಾದರೆ ಲಕ್ಷ್ಮಿ ತಾನಾಗಿಯೇ ಮನೆ ಬಿಟ್ಟಳು. ಆಯ್ಕೆ ಪೋಷಕರದು.

ಪಟ್ಟಿಗಳು ಕಿರಣ ಎಂದು ಅರ್ಥ ಹೇಳುವ ರೇಯಾಂಶ್ ಹೆಸರಿನಲ್ಲಿ ಕೊನೆಯ ‘ಅಂಶ’ವನ್ನು ಬಿಡಿಸಿಟ್ಟರೆ ಉಳಿಯುವುದು ‘ರೇಯ’. ಕಿರಣ ಎಂಬ ಅರ್ಥದ ರೇಯ ಸಂಸ್ಕೃತದಲ್ಲಿಲ್ಲ; ಇಂಗ್ಲಿಷಿನಲ್ಲಿ ‘ರೇ’ ಇದೆ. ಇಂಗ್ಲಿಷಿಗೂ ಸಂಸ್ಕೃತಕ್ಕೂ ಸವರ್ಣದೀರ್ಘ ಸಂಧಿ ಮಾಡಿಸುವ ಧೈರ್ಯ ಪಾಣಿನಿಗೂ ಇರಲಿಲ್ಲ. ಕೇಳಲು ಹಿತವಾದ ಹೆಸರು, ಇಟ್ಟುಕೊಳ್ಳಲು ಅಡ್ಡಿಯೂ ಇಲ್ಲ. ‘ಪ್ರಾಚೀನ ವೈದಿಕ ನಾಮ’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸದಿದ್ದರೆ ಸಾಕು.

ಇನ್ನು ಉಚ್ಚಾರ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಣ್ಣುಮಕ್ಕಳ ಹೆಸರು ‘ಸುಖೋದ್ಯ’ವಾಗಿರಬೇಕು, ‘ವಿಸ್ಪಷ್ಟಾರ್ಥ’ವಾಗಿರಬೇಕು ಎಂದಿದೆ, ಅಂದರೆ ಬಾಯಿಗೆ ಸುಲಭ, ಅರ್ಥ ಸ್ಪಷ್ಟ. ಗಂಡುಮಕ್ಕಳಿಗೆ ಆ ಷರತ್ತು ಹಾಕಿಲ್ಲ. ಬಹುಶಃ ಅದನ್ನು ಓದಿಯೇ ಈಗಿನವರು ಧೈರ್ಯ ತಂದುಕೊಂಡಿದ್ದಾರೆ. ಕನ್ನಡದ ಬಾಯಿಗೆ ಪದ ಸ್ವರದಲ್ಲಿ ಮುಗಿಯಬೇಕು. ವ್ಯಂಜನದಲ್ಲಿ ನಿಂತರೆ ಅಜ್ಜಿ ತಾನೇ ಒಂದು ಉಕಾರ ಸೇರಿಸಿ ‘ಆರವು’ ಮಾಡುತ್ತಾಳೆ, ‘ಶ್ರೀಹಾನು’ ಮಾಡುತ್ತಾಳೆ. ಅದು ಅಜ್ಜಿಯ ತಪ್ಪಲ್ಲ, ಭಾಷೆಯ ಜಾಯಮಾನ. ಬಸ್ಸು, ಕಾರು, ಪೆನ್ನು ಎಲ್ಲಕ್ಕೂ ಆದದ್ದು ಅದೇ. ಹೆಸರು ಗಟ್ಟಿಯಾಗುವ ಮುನ್ನ ವಿಭಕ್ತಿ ಹಚ್ಚಿ ನೋಡಬೇಕು: ನೀರವನಿಗೆ ಹಾಲು ಕೊಡು, ನೀರವನನ್ನು ಎತ್ತಿಕೋ. ನಾಲಿಗೆ ಎಡವುವುದಿಲ್ಲ. ಈಗ ‘ರೇಯಾಂಶ್‌ಗೆ’ ಎಂದು ಅಡುಗೆಮನೆಯಿಂದ ಹತ್ತು ಸಲ ಕೂಗಿ ನೋಡಿ. ಐದನೆಯ ಸಲಕ್ಕೆ ಅವನು ಪುಟ್ಟ ಆಗಿರುತ್ತಾನೆ.

ಮಹಾಪ್ರಾಣದ ಹೆಸರುಗಳಿಗೆ ಇನ್ನೂ ಒಂದು ಗಂಡಾಂತರವಿದೆ. ‘ಧೃತಿ’ ತೆಗೆದುಕೊಳ್ಳಿ. ಧೃ ಧಾತು, ಹಿಡಿದು ನಿಲ್ಲಿಸು ಎಂದು. ಅರ್ಥ ಸ್ಥೈರ್ಯ, ಧೈರ್ಯ. ಧೃತಿಗೆಡಬೇಡ ಎನ್ನುತ್ತೇವಲ್ಲ, ಅದೇ. ಮೂಲ ಅಪ್ಪಟ, ಅರ್ಥ ಅಪ್ಪಟ, ಸ್ವರದಲ್ಲಿ ಮುಗಿಯುತ್ತದೆ, ಎರಡೇ ಅಕ್ಷರ. ಪಟ್ಟಿಗಳಲ್ಲಿ ಇಷ್ಟು ಒಳ್ಳೆಯ ಹೆಸರು ಅಪರೂಪ. ಆದರೆ ಆಡುಮಾತಿನಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲ. ಧಕಾರದ ಉಸಿರು ಹೋದರೆ ‘ದೃತಿ’, ಅದಕ್ಕೆ ನಿಘಂಟಿನಲ್ಲಿ ನೀರು ತುಂಬುವ ತೊಗಲಿನ ಚೀಲ ಎಂದು ಅರ್ಥ. ಕಮ್ಮಾರನ ತಿದಿಗೂ ಅದೇ ಹೆಸರು.

ಇದನ್ನು ಮೊದಲೇ ಪತ್ತೆ ಹಚ್ಚುವ ಉಪಾಯವೊಂದಿದೆ. ಹೆಸರು ಗೊತ್ತಿಲ್ಲದ ಮೂವರಿಗೆ ಇಂಗ್ಲಿಷ್ ಕಾಗುಣಿತ ಮಾತ್ರ ತೋರಿಸಿ ಕನ್ನಡದಲ್ಲಿ ಬರೆಯಲು ಹೇಳಬೇಕು. ಮೂವರೂ ಒಂದೇ ಬರೆದರೆ ಹೆಸರು ಪಾಸು. ಧೃತಿಯ ಋಕಾರಕ್ಕೆ ಇಂಗ್ಲಿಷಿನಲ್ಲಿ ಅಕ್ಷರವಿಲ್ಲ. ಆರ್ ಪಕ್ಕ ಐ ಹಾಕಿದರೆ ‘ಧ್ರಿತಿ’, ಯು ಹಾಕಿದರೆ ‘ಧ್ರುತಿ’. ನಮ್ಮಲ್ಲಿ ತಕಾರಕ್ಕೆ ಟಿ ಜೊತೆ ಎಚ್ ಹಾಕುವ ಅಭ್ಯಾಸ, ಉತ್ತರದವರು ಅದನ್ನು ಕಂಡು ‘ಥಿ’ ಎನ್ನುತ್ತಾರೆ. ಅಷ್ಟರಲ್ಲಿ ಸಂಖ್ಯಾಶಾಸ್ತ್ರದವರು ಬಂದು ಎಚ್ ಎರಡಾದವು, ಮೊತ್ತ ಸರಿಬರುತ್ತಿಲ್ಲ, ಒಂದನ್ನು ತೆಗೆಯಿರಿ ಎನ್ನುತ್ತಾರೆ. ಧಕಾರದ ಎಚ್ ಹೋಗುತ್ತದೆ. ಅರ್ಜಿ ತುಂಬುವವರು ಅದನ್ನೇ ನೋಡಿಕೊಂಡು ಕನ್ನಡದ ಖಾನೆಯಲ್ಲಿ ‘ದ್ರುತಿ’ ಎಂದು ಬರೆಯುತ್ತಾರೆ. ದ್ರುತಿ ಕೂಡ ಶುದ್ಧ ಸಂಸ್ಕೃತವೇ, ಕರಗುವುದು ಎಂದರ್ಥ. ಧೈರ್ಯ ಎಂದು ಇಟ್ಟ ಹೆಸರು ಆಧಾರ್ ಕಾರ್ಡಿಗೆ ಬರುವಷ್ಟರಲ್ಲಿ ಕರಗಿರುತ್ತದೆ.